ಊದಿದ ಬೆರಳು, ಬಿಡದ ಉಂಗುರ

ನಮ್ಮ ಆಪಾ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಅಪಘಾತ, ಹೃದಯಾಘಾತಗಳ ನಡುವೆ ಅವಳ ಬಳಿಗೆ ಆಗಾಗ ಬರುವ ಇನ್ನೊಂದು ಬಗೆಯ ರೋಗಿಗಳಿದ್ದಾರೆ: ಉಂಗುರ ಬಿಚ್ಚಲಾಗದೆ ಬಂದವರು. ಕೇಳಿದರೆ ನಗು ಬರುತ್ತದೆ. ನನಗೂ ಬರುತ್ತಿತ್ತು. ಆದರೆ ಅವರಲ್ಲಿ ಕೆಲವರ ಬೆರಳು ಉಳಿಯುವುದೇ ಕಷ್ಟವಾಗಿರುತ್ತದೆ ಎಂದು ಅವಳು ವಿವರಿಸಿ ಹೇಳಿದ ಮೇಲೆ ನಗು ನಿಂತಿತು. ನಮ್ಮ ಕಾಲೇಜಿನಲ್ಲಿ ಬೆಳ್ಳಿ ಉಂಗುರ ಹಾಕುವವರಿದ್ದಾರೆ, ಉರುಸಿನ ಅಂಗಡಿಯಲ್ಲಿ ಕೊಂಡ ಸ್ಟೀಲ್ ಉಂಗುರ ಹಾಕುವವರೂ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಉಂಗುರ ಬೆರಳಿಗೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಬೆರಳಿಗೆ ರಕ್ತ ತರುವ ಅಪಧಮನಿಗಳಲ್ಲಿ ಒತ್ತಡ ಹೆಚ್ಚು, ಹಿಂದಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ಕಡಿಮೆ. ಇದು ನಮ್ಮ ಜೀವಶಾಸ್ತ್ರದ ಪಾಠದಲ್ಲೇ ಇದೆ. ಉಂಗುರ ಬಿಗಿಯಾದಾಗ ಮೊದಲು ಅಮುಕಿಹೋಗುವುದು ಕಡಿಮೆ ಒತ್ತಡದ ಅಭಿಧಮನಿ. ಅಂದರೆ ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಬೆರಳು ಊದುತ್ತದೆ, ಊದಿದಷ್ಟೂ ಉಂಗುರ ಇನ್ನಷ್ಟು ಬಿಗಿಯುತ್ತದೆ, ಬಿಗಿದಷ್ಟೂ ಇನ್ನಷ್ಟು ಊದುತ್ತದೆ. ಇದು ಹೀಗೇ ಮುಂದುವರಿದರೆ ಕೊನೆಗೆ ಅಪಧಮನಿಯೂ ಮುಚ್ಚಿ ಬೆರಳಿಗೆ ರಕ್ತವೇ ಹೋಗುವುದಿಲ್ಲ. "ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ" ಎಂದು ಕಾಯುವುದು ಅಪಾಯ ಎನ್ನುವುದು ಇದಕ್ಕೇ.

ಕಳೆದ ರಜೆಯಲ್ಲಿ ನಮ್ಮ ಖಾಲಾಗೆ ಇದೇ ಆಯಿತು. ಹಿತ್ತಿಲಲ್ಲಿ ನಿಂಬೆಹಣ್ಣು ಕೀಳುವಾಗ ಕಣಜ ಎಡಗೈಯ ಉಂಗುರ ಬೆರಳಿಗೆ ಕಚ್ಚಿತು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಅಸರ್ ಹೊತ್ತಿಗೆ ಬೆರಳು ದಪ್ಪಗಾಗಿ, ಮದುವೆಯ ಚಿನ್ನದ ಉಂಗುರ ಚರ್ಮದೊಳಗೆ ಹೂತಂತೆ ಕಾಣುತ್ತಿತ್ತು. ಮನೆಯವರು ಸೋಪು ಹಚ್ಚಿ ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಉಂಗುರದ ಮುಂದೆ ಚರ್ಮ ಮಡಿಚಿ ಗುಡ್ಡೆಯಾಯಿತು, ಬೆರಳು ಇನ್ನೂ ಕೆಂಪಾಯಿತು. ಅಷ್ಟರಲ್ಲಿ ಆಪಾ ಡ್ಯೂಟಿ ಮುಗಿಸಿ ಬಂದಳು. ಅವಳ ಮೊದಲ ಮಾತು, "ಎಲ್ಲರೂ ಕೈ ಬಿಡಿ."

ಅವಳು ಉಂಗುರವನ್ನು ಮುಟ್ಟಲೇ ಇಲ್ಲ, ಮೊದಲು ಬೆರಳನ್ನು ಪರೀಕ್ಷಿಸಿದಳು. ಬೆರಳ ತುದಿಯ ಬಣ್ಣ ನೋಡಿದಳು: ಕೆಂಪಾಗಿತ್ತು, ನೀಲಿಯೂ ಅಲ್ಲ, ಬಿಳಿಚಿಯೂ ಇರಲಿಲ್ಲ. ಪಕ್ಕದ ಬೆರಳಿನ ಜೊತೆ ಮುಟ್ಟಿ ನೋಡಿದಳು: ಬೆಚ್ಚಗಿತ್ತು, ತಣ್ಣಗಾಗಿರಲಿಲ್ಲ. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, "ಯಾವ ಕಡೆ ಮುಟ್ಟಿದೆ ಹೇಳಿ, ಖಾಲಾ" ಎಂದಳು. ಅವರು ಸರಿಯಾಗಿ ಹೇಳಿದರು. ಕೊನೆಗೆ ಬೆರಳ ತುದಿಯನ್ನು ಒತ್ತಿ ಬಿಟ್ಟಳು. ಒತ್ತಿದಾಗ ಬಿಳಿಚಿದ ಜಾಗಕ್ಕೆ ಸುಮಾರು ಎರಡು ಸೆಕೆಂಡಿನಲ್ಲಿ ಮತ್ತೆ ಬಣ್ಣ ಬರಬೇಕು. ಸಾಮಾನ್ಯವಾಗಿ ಇದನ್ನು ಉಗುರಿನ ಮೇಲೆ ನೋಡುತ್ತಾರೆ. ಖಾಲಾ ಉಗುರಿಗೆ ಮೆಹಂದಿ ಹಚ್ಚಿದ್ದರಿಂದ ಅವಳು ಅಂಗೈ ಕಡೆಯ ಮೆತ್ತನೆ ಭಾಗವನ್ನು ಒತ್ತಿದಳು. ಬಣ್ಣ ಬೇಗ ಬಂತು. "ಹಾಗಾದರೆ ಮನೆಯಲ್ಲೇ ಒಮ್ಮೆ ಪ್ರಯತ್ನಿಸಬಹುದು" ಎಂದಳು. ಈ ನಾಲ್ಕರಲ್ಲಿ ಒಂದು ಸರಿಯಿಲ್ಲದಿದ್ದರೂ ನೇರ ಆಸ್ಪತ್ರೆಗೇ ಹೋಗುತ್ತಿದ್ದೆವು.

ಮುಂದಿನ ಕೆಲಸ ಬಾವು ಇಳಿಸುವುದು. ಖಾಲಾರನ್ನು ಮಲಗಿಸಿ, ದಿಂಬುಗಳ ಮೇಲೆ ಕೈಯನ್ನು ಎದೆಗಿಂತ ಎತ್ತರದಲ್ಲಿ ಇಡಿಸಿದಳು. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಬೆರಳಿಗೆ ಸುತ್ತಿ, ಬೆಚ್ಚಗಾದಂತೆ ಬದಲಿಸುತ್ತಾ ಹತ್ತು ನಿಮಿಷ ಇಟ್ಟಳು. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸಲು ಬಿಡಲಿಲ್ಲ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ, ಉಂಗುರವನ್ನು ನೇರವಾಗಿ ಎಳೆಯದೆ, ಮೆಲ್ಲಗೆ ಆಚೀಚೆ ತಿರುಗಿಸುತ್ತಾ ಮುಂದಕ್ಕೆ ತಂದಳು. ಒಬ್ಬರು ಹಿಂದಿನಿಂದ ಚರ್ಮವನ್ನು ಅಂಗೈ ಕಡೆಗೆ ಎಳೆದು ಹಿಡಿಯಬೇಕು, ಆಗ ಅದು ಉಂಗುರದ ಮುಂದೆ ಗುಡ್ಡೆಯಾಗುವುದಿಲ್ಲ. ಆ ಕೆಲಸ ನನ್ನದಾಗಿತ್ತು. ಎಷ್ಟೋ ಉಂಗುರಗಳು ಇಷ್ಟಕ್ಕೇ ಬರುತ್ತವಂತೆ. ಇದು ನಡುಗೆಣ್ಣಿನವರೆಗೆ ಬಂದು ನಿಂತಿತು. ಬೆರಳಿನಲ್ಲಿ ಅತಿ ದಪ್ಪದ ಜಾಗ ಅದೇ.

ಆಗ ಅವಳು ದಾರದ ಉಪಾಯಕ್ಕೆ ಬಂದಳು. ಉಡುಗೊರೆ ಕಟ್ಟಿಗೆ ಬಳಸುವ ತೆಳುವಾದ, ಚಪ್ಪಟೆ ರಿಬ್ಬನ್ ಒಂದು ಮೀಟರಿನಷ್ಟು ತರಿಸಿದಳು. ಹಲ್ಲಿನ ಸಂದು ಸ್ವಚ್ಛ ಮಾಡುವ ಫ್ಲಾಸ್ ಕೂಡ ಆಗುತ್ತದೆ, ಆದರೆ ಹೊಲಿಗೆ ಯಂತ್ರದ ಸಣ್ಣ ದಾರ ಬೇಡ, ಅದು ಚರ್ಮವನ್ನು ಕೊಯ್ಯುತ್ತದೆ. ಉಂಗುರವನ್ನು ಮತ್ತೆ ಬುಡದ ಕಡೆಗೆ ಸರಿಸಿ, ರಿಬ್ಬನ್ನಿನ ಒಂದು ತುದಿಯನ್ನು ಉಂಗುರದ ಕೆಳಗೆ ತೂರಿಸಿ ಅಂಗೈ ಕಡೆಗೆ ಗೇಣುದ್ದ ಹೊರತೆಗೆದಳು. ತೂರಿಸಲು ಹೇರ್‌ಪಿನ್ನಿನ ಬಾಗಿದ, ಮೊಂಡು ತುದಿಯನ್ನು ಬಳಸಿದಳು. ಉಳಿದ ಉದ್ದ ಭಾಗ ಉಗುರಿನ ಕಡೆ ಇತ್ತು. ಅದನ್ನು ಉಂಗುರಕ್ಕೆ ತಾಗಿಕೊಂಡಂತೆ ಶುರುಮಾಡಿ, ಉಗುರಿನ ಕಡೆಗೆ ಬಿಗಿಯಾಗಿ ಸುತ್ತುತ್ತಾ ಹೋದಳು. ಒಂದು ಸುತ್ತು ಇನ್ನೊಂದಕ್ಕೆ ತಾಗಿರಬೇಕು, ನಡುವೆ ಚರ್ಮ ಇಣುಕಬಾರದು. ಇಣುಕಿದರೆ ಊದಿದ ಚರ್ಮ ಅಲ್ಲೇ ಉಬ್ಬಿ ಉಂಗುರವನ್ನು ತಡೆಯುತ್ತದೆ. ನಡುಗೆಣ್ಣು ದಾಟಿದ ಮೇಲೆ ಸುತ್ತುವುದು ನಿಲ್ಲಿಸಿದಳು.

ಈಗ ಅಂಗೈ ಕಡೆ ಬಿಟ್ಟಿದ್ದ ಗೇಣುದ್ದ ತುದಿಯನ್ನು ಹಿಡಿದು ಉಗುರಿನ ದಿಕ್ಕಿಗೆ ಎಳೆಯುತ್ತಾ, ಸುತ್ತಿದ ದಿಕ್ಕಿನಲ್ಲೇ ಬಿಚ್ಚುತ್ತಾ ಬಂದಳು. ಉಂಗುರದ ಹಿಂದೆ ಒಂದೊಂದೇ ಸುತ್ತು ಬಿಚ್ಚಿಕೊಂಡಂತೆ ಉಂಗುರ ಒಂದೊಂದು ಸುತ್ತಿನಷ್ಟೇ ಮುಂದೆ ಸರಿಯಿತು. ನೋಡಿದಾಗ ನನಗೆ ಹೊಳೆದದ್ದು ಬೋಲ್ಟಿನ ಮೇಲೆ ತಿರುಗಿ ಹೊರಬರುವ ನಟ್ಟು. ರಿಬ್ಬನ್ ಎರಡು ಕೆಲಸ ಮಾಡುತ್ತದೆ: ಊದಿದ ಭಾಗವನ್ನು ಅಮುಕಿ ಸಣ್ಣದು ಮಾಡುತ್ತದೆ, ಉಂಗುರವನ್ನು ಎಲ್ಲ ಕಡೆಯಿಂದ ಸಮನಾಗಿ ತಳ್ಳುತ್ತದೆ.

ಮೊದಲ ಸಲ ಅದು ಗೆಣ್ಣಿನ ಮೇಲೆ ಸಿಕ್ಕಿಕೊಂಡಿತು. ಖಾಲಾಗೆ ನೋವಾಗುತ್ತಿತ್ತು, ಸುತ್ತಿದ ಬೆರಳಿನ ತುದಿ ನೀಲಿಯಾಗತೊಡಗಿತ್ತು. ಆಪಾ ಹಟ ಮಾಡಲಿಲ್ಲ. ಉಗುರಿನ ಕಡೆಯಿಂದ ರಿಬ್ಬನ್ನನ್ನು ಪೂರಾ ಬಿಚ್ಚಿದಳು. ಸುತ್ತಿದ ರಿಬ್ಬನ್ ಕೂಡ ರಕ್ತ ತಡೆಯುತ್ತದೆ, ಅದನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಬೆರಳಿಗೆ ಬಣ್ಣ ಮರಳಿದ ಮೇಲೆ ಕೈಯನ್ನು ಮತ್ತೆ ಐದು ನಿಮಿಷ ಎತ್ತಿ ಹಿಡಿಸಿ, ಇನ್ನೊಮ್ಮೆ ಸುತ್ತಿದಳು. ಈ ಸಲ ಸುತ್ತಿನ ಮೇಲೆ ಸ್ವಲ್ಪ ಎಣ್ಣೆ ಹಚ್ಚಿದಳು. ಉಂಗುರ ಗೆಣ್ಣು ದಾಟಿ ಬಂತು. "ಈ ಸಲವೂ ಬಾರದಿದ್ದರೆ?" ಎಂದು ಕೇಳಿದೆ. "ಮೂರನೇ ಸಲ ಮಾಡುತ್ತಿರಲಿಲ್ಲ. ಪ್ರತಿ ಸಲ ಸೋತಾಗಲೂ ಬೆರಳು ಇನ್ನಷ್ಟು ಊದುತ್ತದೆ. ಆಸ್ಪತ್ರೆಗೆ ಹೋಗಿ ಕತ್ತರಿಸುತ್ತಿದ್ದೆವು" ಎಂದಳು. ಉಂಗುರ ಇದ್ದ ಜಾಗದಲ್ಲಿ ಬಳೆಯಂತೆ ಗುಳಿ ಬಿದ್ದಿತ್ತು. ಅದು ಮರುದಿನಕ್ಕೆ ಮಾಯವಾಯಿತು. ಉಂಗುರ ಬಂದ ಕೆಲವು ನಿಮಿಷಗಳಲ್ಲಿ ಬಣ್ಣ ಮತ್ತು ಸ್ಪರ್ಶ ಸರಿಹೋಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಎಲ್ಲ ಬೆರಳಿಗೂ ಈ ದಾರದ ಉಪಾಯ ಹೊಂದುವುದಿಲ್ಲ. ಆಟದಲ್ಲಿ ಚೆಂಡು ಬಡಿದೋ ಬೈಕಿನಿಂದ ಬಿದ್ದೋ ಬೆರಳು ಊದಿದ್ದರೆ, ಸೊಟ್ಟಗೆ ಕಂಡರೆ, ಮೂಳೆ ಮುರಿದಿರಬಹುದು. ಸುತ್ತಿ ಎಳೆದರೆ ಮುರಿದ ಮೂಳೆ ಕದಲುತ್ತದೆ. ಗಾಯವಿದ್ದರೆ, ಕೀವು ತುಂಬಿದ್ದರೆ, ಉಂಗುರ ಚರ್ಮವನ್ನು ಕೊಯ್ದು ಒಳಗೆ ಇಳಿದಿದ್ದರೆ ಕೂಡ ಮನೆಯಲ್ಲಿ ಕೈ ಹಾಕಬಾರದು. ಬೆರಳು ನೀಲಿಯಾಗಿದ್ದರೆ ಅಥವಾ ಬಿಳಿಚಿದ್ದರೆ, ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಮುಟ್ಟಿದ್ದು ತಿಳಿಯದಿದ್ದರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ತುಂಬ ನೋಯುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನೋವಿಲ್ಲದಂತಾದರೆ ಅದನ್ನು ವಾಸಿ ಎಂದುಕೊಳ್ಳಬೇಡಿ, ನರ ಸೋತಿರಬಹುದು. ದಾರಿಯುದ್ದಕ್ಕೂ ಕೈ ಮೇಲೆತ್ತಿಯೇ ಇರಲಿ.

ಕತ್ತರಿಸುವುದೆಂದರೆ ಹೆದರಬೇಕಾದ್ದಿಲ್ಲ. ಅದಕ್ಕೆಂದೇ ಕೈಯಿಂದ ತಿರುಗಿಸುವ ಸಣ್ಣ ಉಪಕರಣವಿದೆ. ಅದರ ತೆಳುವಾದ ನಾಲಗೆಯೊಂದು ಉಂಗುರ ಮತ್ತು ಚರ್ಮದ ನಡುವೆ ಹೋಗಿ ಬೆರಳನ್ನು ಕಾಯುತ್ತದೆ, ಮೇಲಿನ ಹಲ್ಲಿನ ಚಕ್ರ ಲೋಹವನ್ನು ಕೊಯ್ಯುತ್ತದೆ. ಚಿನ್ನ, ಬೆಳ್ಳಿ ಮೆದುವಾದ್ದರಿಂದ ಬೇಗ ತುಂಡಾಗುತ್ತವೆ, ಆಮೇಲೆ ಅಕ್ಕಸಾಲಿಗರು ಬೆಸುಗೆ ಹಾಕಿ ಸರಿಮಾಡುತ್ತಾರೆ. ಸ್ಟೀಲ್ ಗಟ್ಟಿ, ಹೊತ್ತು ಹಿಡಿಯುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಉಂಗುರವಂತೂ ಈ ಚಕ್ರಕ್ಕೆ ಬಗ್ಗುವುದೇ ಇಲ್ಲ, ಅದನ್ನು ಇಕ್ಕಳದಂಥ ಸಾಧನದಿಂದ ಒತ್ತಿ ಒಡೆಯಬೇಕಾಗುತ್ತದೆ. ಹಾಗಾಗಿ ನಿಮ್ಮ ಉಂಗುರ ಯಾವ ಲೋಹದ್ದು ಎಂದು ಗೊತ್ತಿದ್ದರೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಗ್ಯಾರೇಜಿನ ಕಟ್ಟಿಂಗ್ ಮೆಷಿನ್ನಿಗೆ ಬೆರಳು ಒಡ್ಡಬೇಡಿ. ಲೋಹ ಕಾದು ಚರ್ಮ ಸುಡುತ್ತದೆ, ಕೈ ಜಾರಿದರೆ ಬೆರಳೇ ಹೋಗುತ್ತದೆ.

ಇಷ್ಟೆಲ್ಲ ತೊಂದರೆ ಬರದಂತೆ ಮಾಡುವ ಸಮಯವೊಂದಿದೆ, ಅದು ಪೆಟ್ಟಾದ ಮೊದಲ ನಿಮಿಷಗಳು. ಕೈಗೆ ಏಟು ಬಿದ್ದರೆ, ಕೈ ಸುಟ್ಟರೆ, ಜೇನು ಅಥವಾ ಕಣಜ ಕಚ್ಚಿದರೆ, ಬಾವು ಬರುವ ಮೊದಲೇ ಆ ಕೈಯ ಉಂಗುರ, ಬಳೆ, ಗಡಿಯಾರ ತೆಗೆದುಬಿಡಬೇಕು. ಹಾವು ಕಚ್ಚಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯಲ್ಲೂ ಇದು ಸೇರಿದೆ: ಹಗ್ಗ ಕಟ್ಟಬೇಡಿ, ಉಂಗುರ ತೆಗೆಯಿರಿ, ಕೈ ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ಲ್ಯಾಬಿನಲ್ಲಾಗಲಿ ಮೈದಾನದಲ್ಲಾಗಲಿ ಗೆಳೆಯರ ಕೈಗೆ ಪೆಟ್ಟಾದರೆ, ನೀರು ಕೊಡುವುದರ ಜೊತೆಗೆ ಅವರ ಬೆರಳಿನತ್ತ ಒಮ್ಮೆ ನೋಡಿ. ಆಗ ಒಂದೇ ಸೆಕೆಂಡಿನಲ್ಲಿ ಬರುವ ಉಂಗುರ ಸಂಜೆಗೆ ಬರುವುದಿಲ್ಲ.