ಬಿಟ್ಟು ಬರುವ ಹಣದ ಲೆಕ್ಕ

ಗಡಿನಾಡಿನ ನಮ್ಮ ಮನೆಗಳಲ್ಲಿ ಹೊಸ ನೌಕರಿ ದೊರೆತರೆ ಮೊದಲು ಪೇಢೆ ಹಂಚುತ್ತೇವೆ. ಹಳೆಯ ನೌಕರಿಯಲ್ಲಿ ಬಿಟ್ಟು ಬರುವುದೆಷ್ಟೆಂಬ ಲೆಕ್ಕ ಆಮೇಲಿನದು. ಗಡಹಿಂಗ್ಲಜದ ನನ್ನ ಅಣ್ಣನ ಮಗ ಇಚಲಕರಂಜಿಯ ನೂಲಿನ ಗಿರಣಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥನಾಗಿದ್ದ. ಕೊಲ್ಲಾಪುರದ ಎರಕದ ಕಾರಖಾನೆಯೊಂದು ಅವನನ್ನು ಕರೆದು, ಒಂದೇ ತಿಂಗಳಲ್ಲಿ, ಸೆಪ್ಟೆಂಬರ ಮೊದಲಿಗೆ ಬರಬೇಕೆಂದಿತು. ಗಿರಣಿಯ ಕರಾರಿನಂತೆ ಮೂರು ತಿಂಗಳ ನೋಟೀಸು ಅವಶ್ಯ. ದೀಪಾವಳಿಗೆ ಬರಬೇಕಾಗಿದ್ದ, ಹಿಂದಿನ ವರ್ಷದ ದುಡಿಮೆಯ ಒಂದು ಲಕ್ಷ ರೂಪಾಯಿ ಬೋನಸ್ಸೂ ಕೈತಪ್ಪುತ್ತಿತ್ತು; ಮನೆಯ ಸಾಲಕ್ಕೆಂದು ಮೀಸಲಿಟ್ಟ ಹಣವದು.

“ಕಾಕಾ, ಇದನ್ನೆಲ್ಲ ಹೊಸಬರ ಬಳಿ ಕೇಳಿದರೆ ಬೇಡಿದಂತಾಗುವುದಿಲ್ಲವೇ?” ಎಂದ.

“ಅವರ ಅವಸರಕ್ಕಾಗಿ ನಿನಗೆ ತಗಲುವ ಖರ್ಚು ಅದು. ಕಾಗದಗಳನ್ನು ತೆಗೆ” ಎಂದೆ.

ನೇಮಕಪತ್ರವನ್ನು ಓದಿದೆವು. ಅವನ ತಿಂಗಳ ಸಂಬಳ ಒಂದು ಲಕ್ಷ, ಮೂಲವೇತನ 50,000. ಕಡಿಮೆ ಬೀಳುವ ನೋಟೀಸಿಗೆ ಮೂಲವೇತನವನ್ನಷ್ಟೇ ಮುರಿದುಕೊಳ್ಳಬೇಕೆಂದು ಅಲ್ಲಿ ಬರೆದಿತ್ತು. ಆದ್ದರಿಂದ ಎರಡು ತಿಂಗಳಿಗೆ ಎರಡು ಲಕ್ಷವಲ್ಲ, ಒಂದು ಲಕ್ಷ. ಬೋನಸ್ಸಾದರೋ ಹಂಚುವ ದಿನ ಹಾಜರಿಪಟ್ಟಿಯಲ್ಲಿದ್ದವರಿಗೆ ಮಾತ್ರ. ಇದು ಕರಾರಿನ ಬೋನಸ್ಸು. ಕಾನೂನಿನ ವೇತನಮಿತಿಯೊಳಗಿನವರಿಗೆ ಸಲ್ಲುವ ಬೋನಸ್ಸು ಬೇರೆ. ವರ್ಷದಲ್ಲಿ 30 ದಿನ ದುಡಿದವರಿಗೆ ಕನಿಷ್ಠ ಶೇಕಡಾ 8.33ರಂತೆ ಬರುವ ಅದು ರಾಜೀನಾಮೆಯಿಂದ ನಷ್ಟವಾಗದು. ಅದನ್ನು ಹಳೆಯ ಧಣಿಯಿಂದಲೇ ಪಡೆಯಬೇಕು.

ಒಟ್ಟು ಎರಡು ಲಕ್ಷ ಕೇಳುವುದೆಂದಾಯಿತು. ಆದರೆ ಹೊಸ ಧಣಿ ಕೊಡುವ ಈ ಹಣವೂ ಸಂಬಳವೆಂದೇ ತೆರಿಗೆಗೆ ಒಳಪಡುತ್ತದೆ. ನೇರವಾಗಿ ಗಿರಣಿಗೇ ಕಟ್ಟಿದರೂ ಅಷ್ಟೇ. ಅವನ ಆದಾಯಕ್ಕೆ ಕರಭಾರ ಶೇಕಡಾ 20, ಮೇಲೆ ಸೆಸ್ಸು. ಎರಡು ಲಕ್ಷದಲ್ಲಿ 41,600 ಮುರಿದು ಕೈಗೆ ಬರುವುದು 1,58,400 ಮಾತ್ರ. ಕೈಯಲ್ಲಿ ಎರಡು ಲಕ್ಷ ಉಳಿಯಬೇಕಾದರೆ ಸುಮಾರು 2,52,500 ಕೇಳಬೇಕು.

ರಾಜೀನಾಮೆ ಕೊಡುವ ಮೊದಲೇ, ನೇಮಕಪತ್ರದ ಮತ್ತು ಬೋನಸ್ ಪತ್ರದ ಪ್ರತಿಗಳನ್ನಿಟ್ಟು, ಅವನು ಈ ಲೆಕ್ಕವನ್ನು ಕಾರಖಾನೆಗೆ ಬರೆದನು. ಒಮ್ಮೆ ರಾಜೀನಾಮೆ ಕೊಟ್ಟವನ ಮಾತಿಗೆ ತೂಕ ಕಡಿಮೆ; ಬಾಯಿಮಾತಿನ ಒಪ್ಪಿಗೆಯಂತೂ ಅಧಿಕಾರಿ ಬದಲಾದರೆ ಹೋಯಿತು. ಕಾರಖಾನೆಯವರು ಮೊತ್ತವನ್ನು ಒಪ್ಪಿದರು. ಆದರೆ ಒಂದು ವರ್ಷದೊಳಗೆ ಬಿಟ್ಟರೆ ಪೂರ್ಣ ಹಣವನ್ನು ಮರಳಿಸಬೇಕೆಂದು ಷರತ್ತು ಹಾಕಿದರು. ಹನ್ನೊಂದು ತಿಂಗಳು ದುಡಿದವನೂ ಎಲ್ಲವನ್ನೂ ಕಕ್ಕಬೇಕೆಂದರೆ ನ್ಯಾಯವಲ್ಲ. ದುಡಿದ ಪ್ರತಿ ತಿಂಗಳಿಗೆ ಹನ್ನೆರಡನೆಯ ಒಂದು ಪಾಲು ಋಣ ತೀರಲಿ, ಕಾರಖಾನೆಯೇ ತೆಗೆದರೆ ಏನನ್ನೂ ಕೊಡಬೇಕಾಗಿಲ್ಲ ಎಂದು ತಿದ್ದಿಸಿದನು. ಹಣವನ್ನು ಮೊದಲ ಸಂಬಳದೊಡನೆ, ಗಿರಣಿಯ ಅಂತಿಮ ಲೆಕ್ಕದ ಪತ್ರವನ್ನು ನೋಡಿ ಕೊಡುವುದೆಂದೂ ಬರೆಸಿಕೊಂಡನು.

ಆ ಪತ್ರ ಕೈಗೆ ಬಂದ ಮೇಲೆಯೇ ಇಚಲಕರಂಜಿಯಲ್ಲಿ ರಾಜೀನಾಮೆ ಕೊಟ್ಟನು.