ಮೀನಖಂಡದಾಗಿನ ಮೀನು

ನಮ್ಮ ಕಡೆ ಕಣ್ಣು ಅದುರಿದ್ರೆ ಶಕುನ ನೋಡ್ತಾರೆ. ಹೆಂಗಸ್ರಿಗೆ ಎಡಗಣ್ಣು ಅದುರಿದ್ರೆ ಒಳ್ಳೇದು, ಬಲಗಣ್ಣಾದ್ರೆ ಕೆಟ್ಟದ್ದು ಅಂತ. ಕಾಲಿನ ಮೀನಖಂಡ ಅದುರಿದ್ರೆ ಏನು ಅಂತ ನಮ್ಮವ್ವ ನನಗೆ ಹೇಳಿರ್ಲಿಲ್ಲ. ಹಂಗಾಗಿ ಹೋದ ವರ್ಷ ಮಗಳ ಮದುವೆ ಮುಗಿದ ಮೇಲೆ ನನ್ನ ಎಡಗಾಲು ಅದುರೋಕೆ ಶುರುವಾದಾಗ ಅದರ ಶಕುನಾನ ನಾನೇ ಬರ್ಕಂಡೆ. ಭಾರಿ ಕೆಟ್ಟದ್ದನ್ನೇ ಬರ್ಕಂಡೆ.

ಅದು ನೋವಲ್ಲ. ರಾತ್ರಿ ಪಾತ್ರೆ ತೊಳೆದು ಮಲಗಿದ ಮೇಲೆ ಚರ್ಮದ ಒಳಗೆ ಸಣ್ಣ ಮೀನು ಮಿಸುಕಾಡಿದಂಗೆ ಪಟಪಟ ಅಂತ ನಾಲ್ಕೈದು ಸಲ. ಅಲ್ಲಿ ನಿಂತ್ರೆ ಇನ್ನೊಂದು ಕಡೆ. ಲೈಟ್ ಹಾಕಿದ್ರೆ ಕಣ್ಣಿಗೂ ಕಾಣ್ತಿತ್ತು. ಎದ್ದು ಓಡಾಡಿದ್ರೆ ಇಲ್ಲ. ಹದಿನೈದು ದಿನದಾಗೆ ಬಲಗಾಲಿಗೂ ಬಂತು, ಆಮೇಲೆ ತೋಳಿಗೆ.

ಬೇರೆ ಯಾರಾದ್ರೂ ಆಗಿದ್ರೆ ಸುಮ್ಮನಿರ್ತಿದ್ರೇನೋ. ನಾನು ಚನ್ನಗಿರಿ ಕಡೆ ಇದ್ದ ನಮ್ಮ ಭಾವನ್ನ ನೋಡಿದಾಕಿ. ಅಡಿಕೆ ತೋಟದಾಗೆ ಆಳಿನ ಸಮ ದುಡೀತಿದ್ದ ಮನುಷ್ಯ ಮೂರು ವರ್ಷದಾಗೆ ಕೈಕಾಲು ಸೊರಗಿ, ಮಾತು ತೊದಲಿ, ಕಡೀಗೆ ನೀರು ಕುಡಿದ್ರೂ ನೆತ್ತಿಗೇರೋ ಹಂಗಾಗಿ ಹೋಗಿಬಿಟ್ರು. ಬೆಂಗಳೂರಿನ ನಿಮ್ಹಾನ್ಸ್‌ನಾಗೆ ಅದಕ್ಕೆ ಮೋಟಾರ್ ನ್ಯೂರಾನ್ ಕಾಯಿಲೆ ಅಂದಿದ್ರು. ಗಾಲಿಕುರ್ಚಿ ಮೇಲೆ ಕುಂತಿರ್ತಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಇದ್ದದ್ದೂ ಇದೇ. ಭಾವನ ತೋಳು, ಎದೆ ಎಲ್ಲಾ ಹಿಂಗೇ ಅದುರೋದನ್ನ ನಾನು ಕಣ್ಣಾರೆ ನೋಡಿದ್ದೆ.

ಮನ್ಯಾಗೆ ಯಾರಿಗೂ ಹೇಳ್ಲಿಲ್ಲ. ಬಚ್ಚಲಿಗೆ ಹೋಗಿ ಬಾಗ್ಲು ಹಾಕ್ಕಂಡು ದಿನಾ ಪರೀಕ್ಷೆ ಮಾಡ್ಕಳ್ಳೋದು. ತುದಿಗಾಲಲ್ಲಿ ಮೂವತ್ತು ಸಲ ಎದ್ದು ಇಳಿಯೋದು, ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಯಾವುದು ಸಣ್ಣ ಅಂತ ನೋಡೋದು. ಬಲಗೈ ದುಡಿಯೋ ಕೈ, ಎಡಗೈಗಿಂತ ಸ್ವಲ್ಪ ದಪ್ಪ ಇದ್ದೇ ಇರತ್ತೆ. ಅದು ಗೊತ್ತಿದ್ರೂ ಎಡಗೈ ಸೊರಗ್ತಾ ಐತಿ ಅನ್ಸೋದು. ಮೂವತ್ತು ಸಲ ಎದ್ದು ಇಳಿದ ಮೀನಖಂಡ ದಣಿದು, ರಾತ್ರಿ ಇನ್ನೂ ಜಾಸ್ತಿ ಅದುರೋದು. ನಿದ್ದೆ ಬರ್ತಿರ್ಲಿಲ್ಲ, ಬೆಳಿಗ್ಗೆ ತಲೆ ಭಾರ, ಅದಕ್ಕೆ ಇನ್ನೊಂದು ಲೋಟ ಟೀ.

ಅಕ್ಕನ ಮುಂದೆ ಈ ಮಾತು ತೆಗೆಯೋಕೆ ಧೈರ್ಯ ಇರ್ಲಿಲ್ಲ. ಆಕಿ ಗಾಯ ಕೆರೆದಂಗೆ ಆಗತ್ತೆ ಅಂತ. ಒಂದು ಸಲ ಮನೆಗೆ ಬಂದಾಕಿ ನಾನು ತೋಳು ನೋಡ್ಕಳ್ಳೋದನ್ನ ಹಿಡಿದುಬಿಟ್ಲು. ಅಳ್ತಾ ಎಲ್ಲಾ ಹೇಳಿದೆ. ಆಕಿ ಅಳ್ಲಿಲ್ಲ.

"ನಿಮ್ಮ ಭಾವಗೆ ಮೊದ್ಲು ಅದುರ್ಲಿಲ್ಲ ಕಣೆ. ಮೊದ್ಲು ಬೀಗ ತಿರುವಾಕೆ ಆಗ್ಲಿಲ್ಲ. ಆಮ್ಯಾಲೆ ಅಂಗಿ ಗುಂಡಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಗುಳಿ ಬಿತ್ತು. ಅದುರೋದು ನಮ್ಮ ಕಣ್ಣಿಗೆ ಬಿದ್ದಿದ್ದು ಅದಾದ ಮ್ಯಾಲೆ. ನೀನು ಈಗ ನನ್ನ ಎದುರಿಗೇ ತುಂಬಿದ ಕೊಡ ಎತ್ತಿ ಇಟ್ಯಲ್ಲ?" ಅಂದ್ಲು.

ಆಕೀನೇ ನನ್ನನ್ನ ದಾವಣಗೆರೆಗೆ ನರದ ಡಾಕ್ಟ್ರ ಹತ್ರ ಕರ್ಕಂಡು ಹೋದ್ಲು. ಅವ್ರು ನನ್ನ ಕಥೆ ಪೂರ್ತಿ ಕೇಳಿ, "ಏನಾಗ್ತಿದೆ ಅಂತ ಹೇಳಿದ್ರಿ ಅಮ್ಮಾ. ಮೊದ್ಲು ಮಾಡ್ತಿದ್ದು ಈಗ ಮಾಡೋಕೆ ಆಗದೆ ಇರೋದು ಏನು?" ಅಂದ್ರು. ಎಷ್ಟು ಯೋಚನೆ ಮಾಡಿದ್ರೂ ಒಂದೂ ಸಿಗ್ಲಿಲ್ಲ.

ತುದಿಗಾಲಲ್ಲಿ ನಡೆಸಿದ್ರು, ಹಿಮ್ಮಡಿ ಮೇಲೆ ನಡೆಸಿದ್ರು. ಅವರ ಕೈಗೆ ಎದುರಾಗಿ ನನ್ನ ಕೈಕಾಲು ಒತ್ತಿಸಿದ್ರು. ಮೊಣಕಾಲಿಗೆ ಸುತ್ತಿಗೆ ಬಡಿದ್ರು. ನಾಲಿಗೆ ಹೊರಗೆ ಚಾಚಿದ್ರೆ ಎಲ್ಲರದ್ದೂ ಸ್ವಲ್ಪ ನಡುಗತ್ತಂತೆ. ಅದಕ್ಕೆ ಬಾಯಿ ತೆಗೆಸಿ, ನಾಲಿಗೇನ ಒಳಗೇ ಸಡಿಲ ಬಿಡೋಕೆ ಹೇಳಿ ಟಾರ್ಚ್ ಹಾಕಿ ನೋಡಿದ್ರು. ರಕ್ತದಾಗೆ ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ ನೋಡಿಸಿದ್ರು, ಯಾಕಂದ್ರೆ ಅವು ಹೆಚ್ಚುಕಮ್ಮಿ ಆದ್ರೂ ಸ್ನಾಯು ಅದುರಬಹುದು. ಉಬ್ಬಸಕ್ಕೆ ಔಷಧಿ ತಗೋತೀರಾ ಅಂತಾನೂ ಕೇಳಿದ್ರು. ಕಡೀಗೆ ನನ್ನ ಮುಖ ನೋಡಿ ಸೂಜಿ ಪರೀಕ್ಷೆನೂ ಮಾಡಿದ್ರು. ಸಣ್ಣ ಸೂಜಿ ಸ್ನಾಯುವಿಗೆ ಚುಚ್ಚಿ, ಅದು ಸುಮ್ಮನೆ ಇದ್ದಾಗ ಏನು ಮಾಡತ್ತೆ, ಬಿಗಿ ಹಿಡಿದಾಗ ಏನು ಮಾಡತ್ತೆ ಅಂತ ಯಂತ್ರದಾಗೆ ನೋಡೋದು. ಎಲ್ಲಾ ಸರಿ ಇತ್ತು.

ಆಮೇಲೆ ಒಂದು ಹಾಳೆ ಮೇಲೆ ಗೆರೆ ಎಳೆದು ತೋರಿಸಿದ್ರು. ಒಂದು ನರದ ಎಳೆ ಕೊನೇಲಿ ಕವಲೊಡೆದು ಸ್ನಾಯುವಿನ ಒಂದು ಕಂತೆ ಎಳೆಗಳನ್ನ ಆಡಿಸತ್ತೆ. ಆ ನರ ಯಾರೂ ಹೇಳದೆ ತಾನೇ ಒಂದು ಸಲ ಮಿಡಿದ್ರೆ ಆ ಕಂತೆ ಮಾತ್ರ ಪಟ್ ಅನ್ನತ್ತೆ. ಭಾವನ ಕಾಯಿಲೆಯಾಗೆ ನರದ ಜೀವಕೋಶನೇ ಸಾಯ್ತಾ ಹೋಗತ್ತೆ. ಸಾಯೋ ನರ ಮಿಡಿಯತ್ತೆ, ನಿಜ, ಆದ್ರೆ ಅದು ಸತ್ತಂಗೆ ಸ್ನಾಯುವಿಗೆ ಅಪ್ಪಣೆ ಕೊಡೋರೇ ಇಲ್ಲದೆ ಬಲ ಹೋಗತ್ತೆ, ಮಾಂಸ ಕರಗತ್ತೆ. ನನ್ನ ನರಕ್ಕೆ ಏನೂ ಆಗಿಲ್ಲ. ಬರೀ ಸಿಡುಕು ಬಂದೈತಿ, ಅಷ್ಟೇ. ಬಲ ಪೂರ್ತಿ ಐತಿ. ಎರಡೂ ಕಣ್ಣಿಗೆ ಒಂದೇ ಥರ ಕಾಣ್ತಾವೆ. ಅದಕ್ಕೇ ಅದುರೋದನ್ನ ನೋಡ್ತಾ ಕುಂತ್ರೆ ಏನೂ ಗೊತ್ತಾಗಲ್ಲ, ಬಲ ನೋಡ್ಬೇಕು ಅಂದ್ರು. ಅಮೆರಿಕದ ಮೇಯೊ ಕ್ಲಿನಿಕ್‌ನೋರು ನನ್ನಂಗೆ ಬರೀ ಅದುರ್ತಿದ್ದ 121 ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ 1993ರಲ್ಲಿ ಬರೆದಾರಂತೆ. ಅವ್ರಾಗೆ ಒಬ್ಬರಿಗೂ ಆ ಕಾಯಿಲೆ ಬಂದಿರ್ಲಿಲ್ಲ.

ಸಿಡುಕು ಎಲ್ಲಿಂದ ಬಂತು ಅಂದ್ರೆ, ಟೀ ಎಷ್ಟು ಕುಡೀತೀರಿ ಅಂದ್ರು. ಎರಡು ಅಂತ ಹೇಳೋಕೆ ಹೋದೆ, ಅಕ್ಕ ಪಕ್ಕದಾಗೇ ಕುಂತಿದ್ಲು. ಎಣಿಸಿದ್ರೆ ಏಳು ಲೋಟ. ಒಂದು ಲೋಟಕ್ಕೆ ಸುಮಾರು 40 ಮಿಲಿಗ್ರಾಂ ಕೆಫೀನ್ ಹಿಡಿದ್ರೆ 280 ಆಯ್ತು. ಆರೋಗ್ಯವಂತರಿಗೆ ದಿನಕ್ಕೆ 400ರ ತನಕ ತೊಂದ್ರೆ ಇಲ್ಲ ಅಂತಾರೆ. ನನ್ನ ಲೆಕ್ಕ ಅದರ ಒಳಗೇ ಇತ್ತು. ಆದ್ರೆ ಕಡೇ ಲೋಟ ರಾತ್ರಿ ಒಂಬತ್ತಕ್ಕೆ. ಕುಡಿದ ಕೆಫೀನ್‌ನಾಗೆ ಅರ್ಧ ಹೋಗೋಕೇ ಐದಾರು ತಾಸು ಬೇಕು. ನಿದ್ದೆ ಕೆಡ್ತಿತ್ತು, ನಿದ್ದೆಗೆಟ್ಟ ನರ ಬೇಗ ಸಿಡುಕ್ತಿತ್ತು. ಅದರ ಮೇಲೆ ಭಯ. ಭಯ ಬಿದ್ದಾಗ ಮೈಯಾಗೆ ಅಡ್ರಿನಲಿನ್ ಏರತ್ತೆ, ಗೊತ್ತಿಲ್ಲದಂಗೆ ಉಸಿರು ಜೋರಾಗತ್ತೆ. ಹಂಗೆ ಉಸಿರಾಡಿದ್ರೂ ರಕ್ತದಾಗಿನ ಸಮತೋಲ ತಪ್ಪಿ ನರ ಚುರುಕಾಗತ್ತೆ. ಅಂದ್ರೆ ಅದುರೋದಕ್ಕೆ ನಾನು ಹೆದರ್ತಿದ್ದೆ, ಹೆದರಿದ್ದಕ್ಕೆ ಇನ್ನಷ್ಟು ಅದುರ್ತಿತ್ತು.

ಟೀ ಒಮ್ಮೆಲೇ ಬಿಟ್ರೆ ತಲೆ ಸಿಡಿಯತ್ತೆ ಅಂತ ಮೂರು ದಿನಕ್ಕೊಂದು ಲೋಟ ಕಮ್ಮಿ ಮಾಡಿದೆ. ರಾತ್ರಿಯದ್ದು ಮೊದ್ಲು ಬಿಟ್ಟೆ. ಈಗ ಎರಡೇ ಲೋಟ, ಮಧ್ಯಾಹ್ನದ ಮೇಲೆ ಇಲ್ಲ. ಬಚ್ಚಲ ಪರೀಕ್ಷೆ ಬಿಡೋದು ಟೀ ಬಿಡೋದಕ್ಕಿಂತ ಕಷ್ಟ ಆಯ್ತು. ಒಂದು ತಿಂಗಳಿಗೆ ಅದುರೋದು ಮುಕ್ಕಾಲು ಪಾಲು ಇಳೀತು. ಪೂರ್ತಿ ಹೋಗಿಲ್ಲ. ಪೂರ್ತಿ ಹೋಗದೇನೂ ಇರಬಹುದು ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು.

ಅಪರೂಪಕ್ಕೆ ಕಾಯಿಲೆ ಇದ್ದೋರಿಗೂ ಅದುರೋದೇ ಮೊದ್ಲು ಕಾಣಬಹುದು. ಅದಕ್ಕೆ ಆರು ತಿಂಗಳಿಗೆ ಇನ್ನೊಂದು ಸಲ ಬರೋಕೆ ಹೇಳಿದ್ರು, ಹೋಗಿ ಬಂದೆ, ಏನೂ ಬದಲಾಗಿರ್ಲಿಲ್ಲ. ನಡುವೆ ಪಾದ ಎಳೆದಂಗಾದ್ರೆ, ಕಾಲಿಂದ ಚಪ್ಪಲಿ ಜಾರ್ತಿದ್ರೆ, ಒಂದು ಕೈ ಸೊರಗಿದ್ರೆ, ಬೀಗ, ಗುಂಡಿ, ಡಬ್ಬಿ ಮುಚ್ಚಳಕ್ಕೆ ಬೆರಳು ಸೋತ್ರೆ, ಮಾತು ತೊದಲಿದ್ರೆ, ನುಂಗೋದು ಕಷ್ಟ ಆದ್ರೆ ಮಾತ್ರ ಕಾಯಬೇಡಿ, ಕೂಡ್ಲೇ ಬನ್ನಿ ಅಂದಿದ್ರು.

ನಿನ್ನೆ ರಾತ್ರಿನೂ ಮೀನು ಒಂದೆರಡು ಸಲ ಮಿಸುಕಾಡ್ತು. ನಾನು ಲೈಟ್ ಹಾಕ್ಲಿಲ್ಲ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲ ಬೀಗ ತೆಗೆದೆ. ಬೀಗ ತಿರುಗ್ತಲ್ಲ ಅಂತ ಒಂದು ಗಳಿಗೆ ನಿಂತೆ, ಭಾವ ನೆನಪಾದ್ರು. ಅಕ್ಕಗೆ ಫೋನ್ ಮಾಡಿದೆ.