ಟಕ್‌-ಟಕ್ ಎಲ್ಲಿ ಹೋತು?

ಕಳೆದ ಬೇಸಿಗೆಯಲ್ಲಿ ಧಾರವಾಡದಿಂದ ಪುಣೆಗೆ ಬಂದಿಳಿದ ಅಪ್ಪ, ಬ್ಯಾಗು ಕೆಳಗಿಡುವ ಮೊದಲೇ ಕೇಳಿದರು: “ರೈಲಿನ ಟಕ್‌-ಟಕ್ ಸಪ್ಪಳ ಎಲ್ಲಿ ಹೋತಪಾ?”

ಹಿಂದೆ 13 ಮೀಟರಿನ ಹಳಿಗಳನ್ನು ಜೋಡಿಸುವಾಗ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಆ ಸಪ್ಪಳ ಅದರದ್ದು. ಈಗ ಹಳಿಗಳನ್ನು ಬೆಸೆದು ಒಂದೇ ಮಾಡಿರುತ್ತಾರೆ ಎಂದೆ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಲೆಕ್ಕ ಬರೆದವರು ಅಷ್ಟಕ್ಕೆ ಬಿಡುತ್ತಾರೆಯೇ? “ಹಂಗಾದ್ರ ಬಿಸಿಲಿಗೆ ಹಿಗ್ಗಿದ್ದು ಎಲ್ಲಿ ಹೋಗತದ?”

ಇಬ್ಬರೂ ಲೆಕ್ಕಕ್ಕೆ ಕೂತೆವು. ಉಕ್ಕಿನ ಹಿಗ್ಗುವಿಕೆಯ ಗುಣಾಂಕ ಸುಮಾರು 0.000012. ಅಂದರೆ ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಸರಳು 0.012 ಮಿಲಿಮೀಟರ್ ಉದ್ದವಾಗುತ್ತದೆ. ಸೂತ್ರ ಇಷ್ಟೇ:

ΔL = α × L × ΔT

ಬಿಸಿಲಿನಲ್ಲಿ ಹಳಿ ಗಾಳಿಗಿಂತ ಹೆಚ್ಚು ಕಾಯುವುದರಿಂದ ಇಲ್ಲಿ ಹಳಿಯ ಉಷ್ಣತೆಯನ್ನೇ ಹಿಡಿಯಬೇಕು. ಅದು 30ರಿಂದ 60 ಡಿಗ್ರಿಗೆ ಏರಿದರೆ 13 ಮೀಟರಿನ ಹಳಿ 4.7 ಮಿಲಿಮೀಟರ್ ಬೆಳೆಯುತ್ತದೆ. ಸಂದು ಅದನ್ನು ನುಂಗುತ್ತಿತ್ತು. ಒಂದು ಕಿಲೋಮೀಟರಿಗಾದರೆ 36 ಸೆಂಟಿಮೀಟರ್!

ಆದರೆ ಈ ಸೂತ್ರ ಯಾರೂ ಹಿಡಿಯದೆ ಬಿಟ್ಟ ಸರಳಿನದು. ಬೆಸೆದ ಹಳಿಯನ್ನು ಕ್ಲಿಪ್ಪು, ಸ್ಲೀಪರು, ಜಲ್ಲಿಕಲ್ಲು ಸೇರಿ ಬಿಗಿಹಿಡಿದಿರುತ್ತವೆ. ಎರಡು ತುದಿಗಳ ಹತ್ತಿರ ಒಂದಿಷ್ಟು ದೂರ ಮಾತ್ರ ಅದು ಅಲುಗಾಡುತ್ತದೆ, ನಡುಭಾಗ ಕದಲುವುದೇ ಇಲ್ಲ. ಹಿಗ್ಗಲು ಆಗದ್ದು ಒತ್ತಡವಾಗಿ ಒಳಗೇ ಉಳಿಯುತ್ತದೆ. 40 ಡಿಗ್ರಿಯಲ್ಲಿ ಕೂರಿಸಿದ, ಮೀಟರಿಗೆ 60 ಕೆಜಿ ತೂಗುವ ಹಳಿ 60 ಡಿಗ್ರಿಗೆ ಕಾದರೆ ಅದರೊಳಗೆ ಸುಮಾರು 39 ಟನ್ ಭಾರದಷ್ಟು ಒತ್ತಡ ಹುಟ್ಟುತ್ತದೆ. ಈ ಒತ್ತಡಕ್ಕೂ ಹಳಿಯ ಉದ್ದಕ್ಕೂ ಸಂಬಂಧವಿಲ್ಲ ಎಂದಾಗ ಅಪ್ಪ ನಂಬಲಿಲ್ಲ, ಎರಡು ಸಲ ಗುಣಿಸಿ ನೋಡಿದರು.

ಅದೇ ಹಳಿ ಚಳಿಗಾಲದ ಬೆಳಗಿನಲ್ಲಿ 10 ಡಿಗ್ರಿಗೆ ಇಳಿದರೆ 58 ಟನ್ನಿನ ಎಳೆತ. ಆಗ ದುರ್ಬಲ ಬೆಸುಗೆ ಬಿರುಕು ಬಿಟ್ಟು ಹಳಿ ತುಂಡಾಗಬಹುದು. ಆದರೂ ಹಳಿಯನ್ನು ಸರಾಸರಿಗಿಂತ ಕೊಂಚ ಹೆಚ್ಚಿನ ಉಷ್ಣತೆಗೇ ಕೂರಿಸುತ್ತಾರೆ, ಯಾಕೆಂದರೆ ಬೇಸಿಗೆಯ ಒತ್ತಡ ಇನ್ನೂ ಅಪಾಯ. ಅದರಿಂದ ಹಳಿ ಪಕ್ಕಕ್ಕೆ ಹಾವಿನಂತೆ ಬಾಗುತ್ತದೆ. ಜಲ್ಲಿಯನ್ನು ಆಗತಾನೇ ಕೆದಕಿದ ಜಾಗದಲ್ಲಿ ಹಿಡಿತ ಸಡಿಲ, ಅಲ್ಲೇ ಭಯ ಜಾಸ್ತಿ. ಹಳಿಯ ಉಷ್ಣತೆ ಮಿತಿ ಮೀರಿದ ಮಧ್ಯಾಹ್ನ ಗಸ್ತಿನವರು ಅಂಥ ಸಣ್ಣ ಸೊಟ್ಟಗಳನ್ನೇ ಹುಡುಕುತ್ತಾ ನಡೆಯುತ್ತಾರೆ.

“ಕೂರಿಸೋ ದಿನ ಅಷ್ಟು ಬಿಸಿಲು ಇಲ್ಲದಿದ್ರ?” ಎಂದರು ಅಪ್ಪ.

ಆಗಲೂ ಸೂತ್ರ ಅದೇ. ಹಳಿ 28 ಡಿಗ್ರಿಯಲ್ಲಿದೆ, ಬೇಕಾದದ್ದು 40, ಉದ್ದ 500 ಮೀಟರ್ ಎಂದುಕೊಳ್ಳಿ. ಗುಣಿಸಿದರೆ 72 ಮಿಲಿಮೀಟರ್. ಕ್ಲಿಪ್ಪು ಬಿಚ್ಚಿ, ಹಳಿಯನ್ನು ಉರುಳೆಗಳ ಮೇಲೆ ಎತ್ತಿ ಸಲೀಸಾಗಿ ಜಾರುವಂತೆ ಮಾಡುತ್ತಾರೆ. ಆಮೇಲೆ ಹೈಡ್ರಾಲಿಕ್ ಯಂತ್ರದಿಂದ ಅದನ್ನು ಅಷ್ಟೇ ಉದ್ದ ಎಳೆದು, ಎಳೆತ ಬಿಡದೆಯೇ ಬೆಸೆದು ಕ್ಲಿಪ್ಪು ಹಾಕುತ್ತಾರೆ. ಬಿಸಿಲು ಮಾಡಬೇಕಾದ ಕೆಲಸವನ್ನು ಯಂತ್ರ ಮಾಡಿರುತ್ತದೆ.